ಯಾರೂ ಏನೂ ಒತ್ತಬೇಡಿ

ವಿಮಾನ ರದ್ದಾದಾಗ ಟ್ರಾವೆಲ್ ಏಜೆಂಟರು ವಾಟ್ಸ್ಯಾಪ್ ಗುಂಪಿಗೆ ಕಳಿಸುವ ಸಂದೇಶಕ್ಕೆ ಒಂದು ಸಂಪ್ರದಾಯ ಬೆಳೆದುಬಿಟ್ಟಿದೆ. ಮೊದಲು ಕೈಮುಗಿದ ಚಿತ್ರ, ಆಮೇಲೆ ‘ಆತ್ಮೀಯ ಯಾತ್ರಾರ್ಥಿಗಳೇ’, ಆಮೇಲೆ ‘ಅನಿವಾರ್ಯ ಕಾರಣಗಳಿಂದ’, ಕಡೆಗೆ ‘ಸಹಕರಿಸಿ’. ಮದುವೆ ಮುಂದೂಡಿದ ಕರೆಯೋಲೆಯ ಹಾಗೆ ಇದರಲ್ಲಿ ವಿನಯಕ್ಕೇನೂ ಕೊರತೆಯಿಲ್ಲ. ಯಾವ ವಿಮಾನ, ಮುಂದೇನು ಮಾಡಬೇಕು ಎಂಬುದು ಮಾತ್ರ ಇರುವುದಿಲ್ಲ. ನನ್ನ ವಾದ ಚಿಕ್ಕದು. ಆ ಸಂದೇಶದ ಮೊದಲ ಸಾಲು ಕ್ಷಮೆಯಾಗಬಾರದು, ‘ಯಾರೂ ಏನೂ ಒತ್ತಬೇಡಿ’ ಎಂದಾಗಬೇಕು.

ಕಕ್ಕೇರಾದಿಂದ ಕಾಶಿಗೆ ಹೊರಟ 22 ಜನರ ತಂಡವೊಂದನ್ನು ಊಹಿಸಿಕೊಳ್ಳಿ. ಹೈದರಾಬಾದಿನಿಂದ ವಾರಾಣಸಿಗೆ ವಿಮಾನ, ಹೈದರಾಬಾದಿನ ತನಕ ರಾತ್ರಿಯಿಡೀ ಕ್ರೂಸರ್. ತಾರೀಖು 2025ರ ಡಿಸೆಂಬರ್ 6, ಶನಿವಾರ ಎಂದಿಟ್ಟುಕೊಳ್ಳೋಣ. ಆ ವಾರವನ್ನೇ ಆರಿಸಲು ಕಾರಣವಿದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 48 ಗಂಟೆಗೆ ಏರಿಸಿದ, ರಾತ್ರಿ ವಿಮಾನ ಇಳಿಸುವುದಕ್ಕೆ ಮಿತಿ ಹಾಕಿದ ಹೊಸ ನಿಯಮ ನವೆಂಬರಿನಲ್ಲಿ ಪೂರ್ತಿ ಜಾರಿಗೆ ಬಂದಿತ್ತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಇಂಡಿಗೋ ಹೊಂದಿಸಿಕೊಂಡಿರಲಿಲ್ಲ. 5ನೇ ತಾರೀಖು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಉಳಿದ ವಿಮಾನಗಳ ಟಿಕೆಟ್ ಬೆಲೆ ಹೇಗೆ ಏರಿತೆಂದರೆ, ದೂರಕ್ಕೆ ತಕ್ಕಂತೆ ಏಳೂವರೆ ಸಾವಿರದಿಂದ 18 ಸಾವಿರದ ತನಕ ಎಂದು ಸರ್ಕಾರವೇ ದರಕ್ಕೆ ಮೂಗುದಾರ ಹಾಕಬೇಕಾಯಿತು. ಇಂಥ ಹೊತ್ತಿನಲ್ಲಿ 22 ಜನರ ಕೈಯಲ್ಲಿ 22 ಫೋನು, ಒಂದೊಂದು ಫೋನಿನ ಮೇಲೂ ಚಡಪಡಿಸುವ ಒಂದು ಹೆಬ್ಬೆರಳು.

ತಂಡ ಒಂದೇ ಎಂದು ನಾವು ತಿಳಿದಿದ್ದರೂ ವಿಮಾನ ಕಂಪನಿಯ ಕಂಪ್ಯೂಟರಿಗೆ ಅದು ಗೊತ್ತಿರಬೇಕಲ್ಲ. ಸಾಮಾನ್ಯ ಬುಕಿಂಗಿನಲ್ಲಿ ಒಂದು ಪಿಎನ್‌ಆರ್‌ಗೆ ಒಂಬತ್ತು ಜನರಷ್ಟೇ ಹಿಡಿಯುತ್ತಾರೆ. ಹಾಗಾಗಿ ಗುಂಪು ದರದ ಗೊಡವೆಗೆ ಹೋಗದ ಏಜೆಂಟರು 22 ಜನರನ್ನು ಒಂಬತ್ತು, ಒಂಬತ್ತು, ನಾಲ್ಕು ಎಂದು ಮೂರು ಪಾಲು ಮಾಡಿರುತ್ತಾರೆ. ವಿಮಾನ ರದ್ದಾದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಬೇರೆ ಸೀಟು ಹುಡುಕತೊಡಗುತ್ತದೆ, ಒಂದೊಂದು ಪಿಎನ್‌ಆರ್‌ಗೆ ಒಂದೊಂದು ಕಡೆ. ಗಂಡ ಬೆಳಗಿನ ವಿಮಾನಕ್ಕೆ, ಹೆಂಡತಿ ಸಂಜೆಯದಕ್ಕೆ, ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಹೊತ್ತ ನಾಲ್ವರು ಮರುದಿನಕ್ಕೆ. ಕೆಲವು ದಂಪತಿಗಳಿಗೆ ಮೊದಲ ಎರಡು ಏರ್ಪಾಡು ಒಪ್ಪಿಗೆಯಾದರೂ ಆದೀತು, ಮೂರನೆಯದಕ್ಕೆ ಮಾತ್ರ ಯಾರೂ ಒಪ್ಪುವುದಿಲ್ಲ. ಇದನ್ನು ಸರಿಮಾಡಲು ಏಜೆಂಟರು ಮೂರೂ ಪಿಎನ್‌ಆರ್ ಮುಂದಿಟ್ಟುಕೊಂಡು ಕಂಪನಿಯ ಜೊತೆ ಮಾತಾಡಬೇಕು. ಬೇಕಾದರೆ ಒಂದು ಪಿಎನ್‌ಆರ್ ಒಡೆದು ಇಬ್ಬರನ್ನು ಅತ್ತ, ಇಬ್ಬರನ್ನು ಇತ್ತ ಮಾಡಬೇಕು. ಅಷ್ಟರಲ್ಲಿ ಒಂಬತ್ತು ಜನರಲ್ಲಿ ಒಬ್ಬರು ಕಂಪನಿಯ ಆ್ಯಪ್ ತೆರೆದು, ಸಾಲಾಗಿ ಕಾಣುವ ಹೆಸರುಗಳನ್ನು ಓದದೆ ‘ರೀಫಂಡ್’ ಒತ್ತಿದರೆ ಉಳಿದ ಎಂಟು ಜನರ ಸೀಟೂ ಜೊತೆಗೇ ಹೋಗಬಹುದು. ಒತ್ತುವುದು ಸಲೀಸು. ಒತ್ತಿದ್ದನ್ನು ಮರಳಿ ಪಡೆಯಲು ಹೊಸ ಟಿಕೆಟ್ಟೇ ಬೇಕು.

ಒತ್ತದೆ ಕೆಡಿಸುವವರೂ ಇದ್ದಾರೆ. ‘ವಿಮಾನ ಹೋದರೆ ಹೋಯಿತು’ ಎಂದು ಧೈರ್ಯಸ್ಥರೊಬ್ಬರು ಯಾರಿಗೂ ಹೇಳದೆ ದಾನಾಪುರ ಎಕ್ಸ್‌ಪ್ರೆಸ್ ರೈಲು ಹತ್ತುತ್ತಾರೆ. ಇತ್ತ ಕಂಪ್ಯೂಟರ್ ಅವರಿಗೆ ಮರುದಿನದ ವಿಮಾನದಲ್ಲಿ ಸೀಟು ಕೊಟ್ಟಿರುತ್ತದೆ. ಅವರು ಅಲ್ಲಿಗೆ ಬರದಿದ್ದರೆ ಅದು ‘ನೋ ಶೋ’. ಹೋಗುವ ಪ್ರಯಾಣಕ್ಕೆ ಬಾರದವರು ಬರುವ ಪ್ರಯಾಣವನ್ನೂ ಮಾಡುವುದಿಲ್ಲ ಎಂದು ಹಲವು ಕಂಪನಿಗಳು ತೀರ್ಮಾನಿಸಿ ವಾಪಸ್ ಟಿಕೆಟ್ಟನ್ನೂ ಕಿತ್ತುಹಾಕುತ್ತವೆ. ಕಾಶಿಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ಹಳೆಯ ಕಾಲದ ನಂಬಿಕೆಯನ್ನು ಈ ಕಂಪನಿಗಳು ಇನ್ನೂ ಬಿಟ್ಟಂತಿಲ್ಲ. ರೈಲಿಗೆ ಹೋಗುವುದು ತಪ್ಪಲ್ಲ. ಹೋಗುವ ಟಿಕೆಟ್ಟಷ್ಟನ್ನೇ ರದ್ದುಮಾಡಿಸಿ, ಬರುವುದು ಉಳಿದಿದೆ ಎಂದು ಖಾತ್ರಿ ಮಾಡಿಕೊಂಡು ಹೋಗಬೇಕು, ಅಷ್ಟೆ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಹಣದ್ದು: ‘ಏನೂ ಒತ್ತಬೇಡಿ ಅಂದ್ರ ದುಡ್ಡು ತಾನೇ ನುಂಗಾಕ ಹೊಂಟಾನ.’ ಸಂಶಯ ಅಸಹಜವಲ್ಲ. 22 ಜನ ಕೊಟ್ಟದ್ದು ಕೈಯಲ್ಲಿ ನಗದು. ಏಜೆಂಟರು ಕಂಪನಿಗೆ ಕಟ್ಟಿದ್ದು ತಮ್ಮ ಖಾತೆಯಿಂದ. ಹಣ ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ರೀಫಂಡ್ ಯಾರು ಒತ್ತಿದರೂ ಅದು ಏಜೆಂಟರ ಖಾತೆಗೇ ಬರುತ್ತದೆ. ಅವಸರಪಟ್ಟವರಿಗೆ ಸಿಗುವುದು ಸೀಟು ಹೋದ ತೃಪ್ತಿ ಮಾತ್ರ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿಗೂ ಹಣ ಮರಳಿಸುವ ಹೊಣೆ ವಿಮಾನ ಕಂಪನಿಯದೇ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಹೇಳುತ್ತದೆ. ಬದಲಿ ವಿಮಾನವೋ ಹಣವೋ ಎಂದು ಆರಿಸುವ ಹಕ್ಕು ಪ್ರಯಾಣಿಕರದು. ಹಣದ ಬದಲು ‘ಮುಂದಿನ ಪ್ರಯಾಣಕ್ಕೆ ಜಮಾ’ ಎಂಬುದನ್ನು ಅವರು ಒಪ್ಪದೆ ತಲೆಗೆ ಕಟ್ಟುವಂತಿಲ್ಲ. ಆದ್ದರಿಂದ ಸಂಶಯಕ್ಕೆ ಮದ್ದು ಸಂದೇಶದಲ್ಲೇ ಇರಬೇಕು: ತಲೆಗೆ ಎಷ್ಟು ರೂಪಾಯಿ, ಯಾವ ಖಾತೆಗೆ ಬರುತ್ತದೆ, ಬಂದ ದಿನ ಅದರ ರಸೀದಿಯನ್ನು ಇದೇ ಗುಂಪಿಗೆ ಹಾಕುತ್ತೇನೆ ಎಂಬ ಮಾತು.

ಹೊರಡಲು 24 ಗಂಟೆಯೂ ಉಳಿಯದೆ ರದ್ದಾದರೆ ಪರಿಹಾರವೂ ಉಂಟು, ಹಾರಾಟದ ಅವಧಿಗೆ ತಕ್ಕಂತೆ ಹೆಚ್ಚೆಂದರೆ ಐದು, ಏಳೂವರೆ ಅಥವಾ ಹತ್ತು ಸಾವಿರ. ಕಂಪನಿಯ ಕೈಮೀರಿದ ಕಾರಣವಾದರೆ ಇಲ್ಲ. ಬುಕಿಂಗಿನಲ್ಲಿ ಪ್ರಯಾಣಿಕರ ಸಂಪರ್ಕ ಸಂಖ್ಯೆ ಇಲ್ಲದಿದ್ದರೂ ಇಲ್ಲ. ಮೂರೂ ಪಿಎನ್‌ಆರ್‌ನಲ್ಲಿ ತಮ್ಮದೊಂದೇ ಮೊಬೈಲ್ ಸಂಖ್ಯೆ ಬರೆಯುವ ಏಜೆಂಟರು ಇಲ್ಲಿ ಸಿಕ್ಕಿಬೀಳುತ್ತಾರೆ. ಕಂಪನಿ ನಡುರಾತ್ರಿ ಅವರಿಗೆ ಸಂದೇಶ ಕಳಿಸಿ ‘ಎಲ್ಲರಿಗೂ ತಿಳಿಸಿದ್ದೇವೆ’ ಎಂದರೆ ಮಾತು ಮುಗಿಯಿತು. ಅಷ್ಟಕ್ಕೂ ನಿಯಮದ ಲೆಕ್ಕ 24 ಗಂಟೆಯಾದರೆ ಕಕ್ಕೇರಾದ ಲೆಕ್ಕವೇ ಬೇರೆ. ಕ್ರೂಸರ್ ಸುರಪುರ, ಶಹಾಪುರ ದಾಟುವ ಮುಂಚೆ ಸುದ್ದಿ ಬಂದರೆ ಅದು ಸುದ್ದಿ, ಆಮೇಲೆ ಬಂದರೆ ಡೀಸೆಲ್ ಖರ್ಚು.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿ. ಎಲ್ಲರೂ ಕೈಕಟ್ಟಿ ಕೂತರೆ ಇರುವ ಸೀಟುಗಳನ್ನು ಬೇರೆಯವರು ಹಿಡಿಯುವುದಿಲ್ಲವೇ? ಹಿಡಿಯುತ್ತಾರೆ. ಅದಕ್ಕೇ ‘ಒತ್ತಬೇಡಿ’ ಎಂಬ ಮಾತಿಗೆ ಗಡುವು ಬೇಕು. ಸಂದೇಶ ಹೀಗಿರಲಿ: “ಯಾರೂ ಏನೂ ಒತ್ತಬೇಡಿ. 6ರ ಶನಿವಾರ ಮಧ್ಯಾಹ್ನದ ಹೈದರಾಬಾದ್–ವಾರಾಣಸಿ ವಿಮಾನ ರದ್ದಾಗಿದೆ. ವಾಪಸ್ ಟಿಕೆಟ್ ಹಾಗೇ ಇದೆ. ಇವತ್ತು ರಾತ್ರಿ ಕ್ರೂಸರ್ ಹೊರಡುವುದಿಲ್ಲ. 8ರ ಸೋಮವಾರದ ವಿಮಾನದಲ್ಲಿ 22 ಸೀಟು ಕೇಳಿದ್ದೇನೆ. ಹೋಗುವವರು 1, ಹಣ ಬೇಕೆನ್ನುವವರು 2 ಎಂದು ಹೆಸರಿನ ಜೊತೆ ಸಂಜೆ ಆರರೊಳಗೆ ಬರೆಯಿರಿ. ಹೊಸ ಟಿಕೆಟ್ ಕೈಗೆ ಬರುವ ತನಕ ಮನೆ ಬಿಡಬೇಡಿ. ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಬೇಡಿ, ಯಾರಿಗೂ ಓಟಿಪಿ ಹೇಳಬೇಡಿ.” ಕಡೆಯ ಸಾಲು ಬೆಂಗಳೂರಿನ ಅಳಿಯಂದಿರಿಗಾಗಿ. ಮಾವನವರಿಗೆ ನೆರವಾಗಲೆಂದು ಅವರು ಹುಡುಕಿ ಕೊಡುವ ನಂಬರಿನ ಆ ತುದಿಯಲ್ಲಿ ಕೆಲವೊಮ್ಮೆ ವಿಮಾನ ಕಂಪನಿಯೇ ಇರುವುದಿಲ್ಲ, ಖಾತೆ ಖಾಲಿ ಮಾಡುವ ಕಂಪನಿ ಇರುತ್ತದೆ.

ಇಷ್ಟು ಖಡಕ್ಕಾಗಿ ಬರೆದರೆ ಹಿರಿಯರು ಮುನಿಸಿಕೊಳ್ಳುವುದಿಲ್ಲವೇ ಎಂದರೆ, ಕ್ಷಮೆಯನ್ನು ಕೊನೆಯಲ್ಲಿ ಕೇಳಬಹುದು, ಎರಡು ಸಲ ಬೇಕಾದರೂ. ನಿಜವಾದ ತೊಡಕು ಉತ್ತರಗಳದು. ಒಂದೋ ಎರಡೋ ಬರೆಯಿರಿ ಎಂದರೆ ಏಳು ಜನ ಹೆಬ್ಬೆರಳು ಎತ್ತುತ್ತಾರೆ, ಐದು ಜನ ಕೈಮುಗಿಯುತ್ತಾರೆ, ಒಬ್ಬರು ‘ಹರ ಹರ ಮಹಾದೇವ’ ಎನ್ನುತ್ತಾರೆ. ಮಹಾದೇವ ಸೋಮವಾರದವನೋ ರೀಫಂಡಿನವನೋ ತಿಳಿಯುವುದಿಲ್ಲ. ಟೈಪ್ ಮಾಡಲು ಬಾರದ ಅಜ್ಜಿಯ ಪರವಾಗಿ ಮೊಮ್ಮಗ ಹೃದಯದ ಚಿತ್ರ ಕಳಿಸಿರುತ್ತಾನೆ. ಸಂಜೆ ಆರಾದ ಮೇಲೆ ಏಜೆಂಟರು ಬೈಕ್ ಹತ್ತಿ, ಹಾಳೆ ಮತ್ತು ಪೆನ್ನು ಹಿಡಿದು, ಆ ಮನೆಗಳ ಬಾಗಿಲಿಗೇ ಹೋಗಿ ಕೇಳಬೇಕು: “ಯಮ್ಮಾ, ಸೋಮಾರ ಹೊಂಟೀರೇನ್ರೀ, ರೊಕ್ಕ ವಾಪಸ್ ಬೇಕೇನ್ರೀ?”