ಸತ್ತ ಕೈಯ ಅಭಿನಯ

ಬೆಕ್ಕಿನ ಮರಿ ಆಟಕ್ಕೆ ಕೈ ಕಚ್ಚಿದಾಗ ಆ ಕೈ ತಕ್ಷಣ ಸಾಯಬೇಕು. ಎಳೆದುಕೊಳ್ಳಬಾರದು, ಕೊಡವಬಾರದು, "ಅಯ್ಯಯ್ಯೋ" ಅನ್ನಬಾರದು. ಓಡುವುದೆಲ್ಲ ಇಲಿ, ಕಿರುಚುವುದು ಇನ್ನೂ ಒಳ್ಳೆಯ ಇಲಿ ಎಂಬುದು ಮರಿಯ ಲೋಕಜ್ಞಾನ. ಮೂಗಿನ ಮೇಲೆ ಒಂದು ಬಿಟ್ಟರೋ, ಕುಸ್ತಿ ಶುರುವಾಯಿತೆಂದು ಹುರುಪಾಗುತ್ತದೆ. ಇಲ್ಲವೇ ಕೈ ಕಂಡರೇ ಹೆದರುವುದನ್ನು ಕಲಿಯುತ್ತದೆ. ಅದಕ್ಕೆ ಬೇಸರ ತರಿಸುವುದು ಅಲುಗದ ಕೈಯೊಂದೇ.

ಈ ಪಾಠ ಹೇಳಿಕೊಡಬೇಕಾದವರು ಒಡಹುಟ್ಟಿದವರು. ಕಚ್ಚಿದ್ದು ಜಾಸ್ತಿಯಾದರೆ ಅಣ್ಣನೋ ತಂಗಿಯೋ ತಿರುಗಿ ಕಚ್ಚುತ್ತಾರೆ, ಇಲ್ಲವೇ ಆಟ ಬಿಟ್ಟು ಎದ್ದು ಹೋಗುತ್ತಾರೆ. ನಮ್ಮ ಶುಂಠಿ ಎಳನೀರಿನ ಅಂಗಡಿಯ ಹಿಂದೆ ಒಂಟಿಯಾಗಿ ಸಿಕ್ಕಿದವನು. ಹಾಗಾಗಿ ಮಂಡಿನೋವಿನ ಈ ವಯಸ್ಸಿನಲ್ಲಿ ಬೆಕ್ಕಿಗೆ ಅಣ್ಣನಾಗುವ ಯೋಗ ನನಗೆ ಒದಗಿತು.

ಪಾತ್ರವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಒಂದು ಬೆಳಿಗ್ಗೆ ಸೋಫಾದ ಮೇಲಿದ್ದ ನನ್ನ ಬಲಗೈಯನ್ನು ಶುಂಠಿ ಮುಂಗಾಲುಗಳಿಂದ ತಬ್ಬಿ, ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿ, ಹಿಂಗಾಲುಗಳಿಂದ ಮೊಣಕೈವರೆಗೂ ಒದೆಯತೊಡಗಿದ. ಕೈಯನ್ನು ಸಾಯಿಸಿದೆ. ಅದೇ ಗಳಿಗೆಗೆ ಗ್ಯಾಸ್ ಸಿಲಿಂಡರಿನವನು ಬಾಗಿಲಿಗೆ ಬಂದ. "ಸಾರ್, ಓಟಿಪಿ ಹೇಳಿ." ಫೋನು ಬಲಜೇಬಿನಲ್ಲಿ. ಎಡಗೈಯನ್ನು ಅಡ್ಡ ತಂದರೆ ಶುಂಠಿಗೆ ಎರಡನೆಯ ಇಲಿ ಸಿಕ್ಕಂತೆ. ನಾನು ಗೋಡೆ ನೋಡುತ್ತ ಕೂತೆ.

"ಸಾರ್, ಓಟಿಪಿ."

ಒಳಗಿನಿಂದ ಹೆಂಡತಿ ಕೂಗಿದಳು: "ಸ್ವಲ್ಪ ತಾಳಪ್ಪ, ಅವರ ಕೈ ಸತ್ತಿದೆ."

ಅವನು ಸಿಲಿಂಡರನ್ನು ಮೆಲ್ಲಗೆ ಇಳಿಸಿದ. ನನ್ನ ಜೋತ ಕೈ, ಅಲುಗದ ಮುಖ ನೋಡಿ ದನಿ ತಗ್ಗಿಸಿದ. "ಲಕ್ವ ಹೊಡೀತಾ ಸಾರ್? ನಮ್ಮ ಮಾವಂಗೂ ಹಿಂಗೇ ಆಗಿತ್ತು. ಪಾರಿವಾಳದ ರಕ್ತ ತಿಕ್ಕಿದ್ವಿ." ಇಲ್ಲ ಎಂದು ತಲೆಯಾಡಿಸುವಂತಿಲ್ಲ, ತಲೆಯೂ ಅಲುಗುತ್ತದಲ್ಲ. ಬಾಯಿಯ ಒಂದೇ ಮೂಲೆಯಿಂದ "ಆಟ" ಅಂದೆ. ಮಾತೂ ಹೋಗಿದೆ ಎಂದುಕೊಂಡ. ಕಣ್ಣಲ್ಲಿ ನೀರು ಬಂದಿತ್ತು, ನನಗೆ ಹಲ್ಲಿನಿಂದ, ಅವನಿಗೆ ಕನಿಕರದಿಂದ. ಅಷ್ಟರಲ್ಲಿ ಶುಂಠಿಯ ಹಿಡಿತ ಸಡಿಲಾಯಿತು. ಸತ್ತ ಕೈಯ ಒಡೆಯ ದಿಗ್ಗನೆದ್ದು, ಮಾತಿಲ್ಲದೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆಟ ನಿಲ್ಲಿಸಿ ಅರ್ಧ ನಿಮಿಷ ಮಾಯವಾಗುವುದು ಪಾಠದ ಎರಡನೆಯ ಭಾಗ. ಸಿಲಿಂಡರಿನವನಿಗೆ ಅದನ್ನು ವಿವರಿಸುವ ಕೆಲಸ ಹೆಂಡತಿಯದಾಯಿತು.

ಆದರೆ ಕೈ ಸಾಯುವುದಷ್ಟೇ ಸಾಲದು, ಬೇಟೆಯ ಹಸಿವಿಗೆ ಬೇರೆ ದಾರಿ ಬೇಕು. ಉದ್ದ ಕೋಲು, ಅದಕ್ಕೊಂದು ದಾರ, ದಾರದ ತುದಿಗೆ ಬಟ್ಟೆಚೂರು. ಅದನ್ನು ಮರಿಯ ಮುಖಕ್ಕೆ ಒಡ್ಡದೆ ದೂರಕ್ಕೆ ಎಳೆದುಕೊಂಡು ಹೋಗಬೇಕು. ಆಗಾಗ ಹಿಡಿಯಲೂ ಬಿಡಬೇಕು. ಊಟಕ್ಕೆ ಮುಂಚೆ 10 ನಿಮಿಷ ಹೀಗೆ ಓಡಿಸಿ ತಟ್ಟೆ ಇಟ್ಟರೆ ತಿಂದು, ಮೈ ನೆಕ್ಕಿ, ಮಲಗುತ್ತಾನೆ. ಒದೆಯಲೇಬೇಕೆಂದರೆ ಹಳೆಯ ಬಟ್ಟೆ ತುರುಕಿದ ಕಾಲುಚೀಲವಿದೆ. ಕಣ್ಣಿನ ಪಾಪೆ ಅಗಲವಾಗಿ, ಕಿವಿ ಪಕ್ಕಕ್ಕೆ ವಾಲಿ, ಬಾಲ ಪಟಪಟ ಬಡಿದರೆ ಮುಂದಿನದು ನಮ್ಮ ಕೈ ಎಂದರ್ಥ. ಕಾಲುಚೀಲ ಅದಕ್ಕೂ ಮೊದಲೇ ಬರಬೇಕು. ಆಟ ಮುಗಿದ ಮೇಲೆ ದಾರ ಬೀರುವಿನೊಳಗೆ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನೇ ಆದೀತು.

ಇದೆಲ್ಲ ಕೆಡುವುದು ನನ್ನ ಭಾವಮೈದುನ ಬಂದಾಗ. ಬರುವುದೇ ತಡ, ಶುಂಠಿಯನ್ನು ಅಂಗಾತ ಕೆಡವಿ ಹೊಟ್ಟೆಯ ಮೇಲೆ ಐದು ಬೆರಳು ಕುಣಿಸುತ್ತಾನೆ. "ಮರಿ ಅಲ್ವಾ ಭಾವ, ಏನು ಮಹಾ ಕಚ್ಚುತ್ತೆ!" ಮೂರೂವರೆ ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ, ಆರಕ್ಕೆಲ್ಲ ದೊಡ್ಡ ಹಲ್ಲು ಬಂದಿರುತ್ತವೆ, ಅಭ್ಯಾಸ ಮಾತ್ರ ಉದುರುವುದಿಲ್ಲ. ಮನೆಯಲ್ಲಿ ನಾಲ್ವರ ಕೈ ಸತ್ತು ಐದನೆಯವನದು ಕುಣಿದರೆ, ಮರಿ ಕಲಿಯುವುದು "ಪ್ರಯತ್ನಪಟ್ಟರೆ ಕೈ ಸಿಕ್ಕೀತು" ಎಂಬುದನ್ನೇ.

ಒಂದು ಸಲ ಅವನ ಬೆರಳಿಗೆ ಹಲ್ಲಿಳಿದು ರಕ್ತ ಬಂತು. ಅರಿಶಿನ ಒತ್ತಿ ಟೀವಿ ನೋಡುತ್ತ ಕೂತ. ನನಗೆ ನಗು ಬರಲಿಲ್ಲ. ಬೀದಿಯಲ್ಲಿ ಸಿಕ್ಕ ಮರಿ, ರೇಬೀಸ್ ಲಸಿಕೆ ಹಾಕಿಸಲು ಮೂರು ತಿಂಗಳಾದರೂ ತುಂಬಬೇಕಿತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಅರಿಶಿನ ತೊಳೆಸಿ, ಹರಿಯುವ ನೀರಿನಡಿ ಸೋಪು ಹಚ್ಚಿ 15 ನಿಮಿಷ ಕೈ ಹಿಡಿಸಿ, ಸ್ಕೂಟರಿನಲ್ಲಿ ಕೂರಿಸಿ ಸೂಜಿ ಹಾಕಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನನ್ನು ಪುಕ್ಕಲ ಎಂದ. ಅನ್ನಲಿ.

ಈಗ ಶುಂಠಿ ಬಾಯಿ ಹಾಕುತ್ತಾನೆ, ಕೈ ನಿಂತಿತೋ, ಬಿಟ್ಟು ಕಾಲುಚೀಲ ಹುಡುಕುತ್ತಾನೆ. ಭಾವಮೈದುನ ಹಬ್ಬಕ್ಕೆ ಮತ್ತೆ ಬರುತ್ತಾನಂತೆ. ಇನ್ನೊಂದು ಕಾಲುಚೀಲಕ್ಕೆ ಬಟ್ಟೆ ತುಂಬಿ ಇಟ್ಟಿದ್ದೇನೆ. ಅದು ಅವನ ಕೈಗೆ.