ಶಿರಸ್ತೇದಾರ್ ಮಾಮನ ಕೃತಜ್ಞತಾ ಪತ್ರ

ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೂ ಕಿವಿಯ ಸಂದಿನಲ್ಲಿ ಪೆನ್ನು ಸಿಕ್ಕಿಸಿಕೊಂಡೇ ಓಡಾಡುವವರು ಊರಿಗೊಬ್ಬರಾದರೂ ಇರುತ್ತಾರೆ. ಅಣ್ಣಮ್ಮನ ಉತ್ಸವವಾಗಲಿ, ರಾಜ್ಯೋತ್ಸವವಾಗಲಿ, ವೇದಿಕೆ ಮೇಲೆ ಅವರು ಕಾಣುವುದಿಲ್ಲ. ಆದರೆ ಎಲ್ಲ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ, “ದಾನಿಗಳಿಗೆ ಒಂದು ಪತ್ರ ಆಗಬೇಕಲ್ಲ” ಎಂದು ಯಾರಾದರೂ ಅಂದರೆ ಸಾಕು, ಎಲ್ಲರ ಕಣ್ಣೂ ಅವರ ಮನೆ ಕಡೆ ತಿರುಗುತ್ತದೆ. ನಮ್ಮೂರಲ್ಲಿ ಆ ಮನೆ ಶಿರಸ್ತೇದಾರ್ ಮಾಮನದು.

ಈ ಸಲದ ಕೆಲಸ ಸರ್ಕಾರಿ ಶಾಲೆಗೆ ಬಣ್ಣ ಬಳಿಸಿ ಹೆಂಚು ಬದಲಾಯಿಸಿದ್ದು. ಓಡಾಡಿದವನು ಹಳೆ ವಿದ್ಯಾರ್ಥಿಗಳ ಸಂಘದ ಒಬ್ಬ ಹುಡುಗ. ಲೆಕ್ಕವೆಲ್ಲ ಅವನ ಫೋನಿನಲ್ಲಿತ್ತು. “ಫೋನಿನಲ್ಲಿರೋದು ಕಡತ ಅಲ್ಲಪ್ಪ” ಎಂದು ಮಾಮ ಅದನ್ನು ಹಾಳೆಗೆ ಇಳಿಸಿ ತರಿಸಿಕೊಂಡರು. ಹಾಳೆಯಲ್ಲಿ ಇದ್ದದ್ದು ಇಷ್ಟು:

- ಹಾರ್ಡ್‌ವೇರ್ ಅಣ್ಣ, ಪೇಂಟ್ 2 ಡಬ್ಬ ಫ್ರೀ, ಉಳಿದಿದ್ದಕ್ಕೆ ರೇಟ್ ಕಮ್ಮಿ ಮಾಡಿದ್ರು
- ಟೀಚರಮ್ಮ 5 (ಹೆಸರು ಬೇಡ ಅಂದ್ರು)
- ಪುಣೆ ಸೀನಿಯರ್ 10
- ಪೇಂಟರ್ 2 ದಿನ ಕೂಲಿ ತಗೊಂಡಿಲ್ಲ
- ಹೋಟ್ಲು, ಟೀ ಉಪ್ಪಿಟ್ಟು
- ಮೆಂಬರ್ರು 3, ಕೊಡ್ತೀನಿ ಅಂದಿದ್ದಾರೆ
- ಟೋಟಲ್ 18
- ಟ್ಯಾಕ್ಸ್ ಬೆನಿಫಿಟ್ ಇದೆ ಅಂತ ಹಾಕಿ

ಮಾಮ ಕನ್ನಡಕ ಏರಿಸಿ ಮೊದಲು ಕೇಳಿದ್ದು, “ಐದು ಅಂದರೆ ಐದು ಏನಪ್ಪ? ರೂಪಾಯಿಯೋ, ನೂರೋ, ಸಾವಿರವೋ?”

“ಸಾವಿರ ಮಾಮ. ಎಲ್ಲರಿಗೂ ಗೊತ್ತು.”

“ಎಲ್ಲರಿಗೂ ಗೊತ್ತಿರೋದನ್ನ ಬರೆಯೋದಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿದ್ದು. ರಸೀದಿ ಪುಸ್ತಕ ತಾ. ಪಾಸ್ ಪುಸ್ತಕವನ್ನೂ ತಾ.”

ರಸೀದಿ ಪುಸ್ತಕ ತೆರೆದಾಗ ಟೀಚರಮ್ಮನದು 5,001 ಎಂದಿತ್ತು. ಬ್ಯಾಂಕಿನ ಪುಸ್ತಕದಲ್ಲಿ ಪುಣೆಯವರದು 10,001. ಹುಡುಗ ನಕ್ಕು, “ಒಂದು ರೂಪಾಯಿ ತಾನೇ ಮಾಮ” ಅಂದ. ಮಾಮ ನಗಲಿಲ್ಲ. ದಾನ ಕೊಟ್ಟವರು ಪತ್ರ ಬಂದ ಕೂಡಲೇ ಮೊದಲು ಹುಡುಕುವುದು ತಮ್ಮ ಹೆಸರು, ಆಮೇಲೆ ಆ ಒಂದು ರೂಪಾಯಿ. ಸಾವಿರಗಳು ಸರಿಯಾಗಿದ್ದು ಆ ಒಂದು ಕಾಣದಿದ್ದರೆ, ಉಳಿದ ಲೆಕ್ಕವನ್ನೂ ಹೀಗೇ ಇಟ್ಟಿರಬೇಕು ಎಂದು ಅವರು ತೀರ್ಮಾನಿಸುತ್ತಾರೆ.

ಮುಂದಿನದು ಹದಿನೆಂಟು. ಮೆಂಬರ್ರು ಕೊಡುತ್ತೇನೆ ಅಂದ ಮೂರು ಸಾವಿರವೂ ಅದರಲ್ಲಿ ಸೇರಿತ್ತು. ಮಾಮ ಅದನ್ನು ಹೊಡೆದು ಹಾಕಿದರು. “ಬರಬೇಕಾದದ್ದು ಅಂತ ಒಂದು ಸಾಲು ಹಾಕೋಣ ಮಾಮ” ಎಂದ ಹುಡುಗನಿಗೆ, “ಧನ್ಯವಾದದಲ್ಲಿ ಬಾಕಿ ಬರೆದರೆ ಅದಕ್ಕೆ ಡಿಮ್ಯಾಂಡ್ ನೋಟಿಸ್ ಅಂತಾರೆ. ಅದಕ್ಕೆ ಬೇರೆ ನಮೂನೆ ಇದೆ” ಎಂದರು.

ಟ್ಯಾಕ್ಸಿನ ಸಾಲಿಗೂ ಅದೇ ಗತಿ. ಹಾಗೆ ಬರೆಯಬೇಕಾದರೆ ಸಂಘಕ್ಕೆ ತೆರಿಗೆ ವಿನಾಯಿತಿಯ ಅನುಮೋದನೆ ಇರಬೇಕು. ಇದ್ದರೂ ಪೇಂಟ್ ಡಬ್ಬಕ್ಕೆ ವಿನಾಯಿತಿ ಇಲ್ಲ, ಎರಡು ಸಾವಿರ ಮೀರಿದ ನಗದಿಗೂ ಇಲ್ಲ. ಹುಡುಗನ ಒಂದು ಸಾಲು ನಂಬಿ ಪುಣೆಯವರು ರಿಟರ್ನಿನಲ್ಲಿ ಹಾಕಿಕೊಂಡರೆ, ಅವರಿಗೆ ಮುಂದೆ ಬರುವ ಪತ್ರ ಬೇರೆ ಇಲಾಖೆಯಿಂದ.

ನಿಜವಾದ ಜಗಳ ಎದ್ದದ್ದು ಪೇಂಟರ್ ವಿಷಯದಲ್ಲಿ. ಪಾಪ, ಕರಡು ಪಟ್ಟಿಯಲ್ಲಿ ಅವನ ಮುಂದೆ ಬರೀ ಗೀಟು ಇರಬಾರದೆಂದು ಹುಡುಗ ದಿನಕ್ಕೆ ಒಂಬೈನೂರರ ಹಾಗೆ 1,800 ಎಂದು ತುಂಬಿಬಿಟ್ಟಿದ್ದ.

“ಅವನು ನಿನಗೆ ರೇಟು ಹೇಳಿದ್ದನೋ?”

“ಇಲ್ಲ ಮಾಮ, ಅಂದಾಜು.”

“ನಿನ್ನ ಅಂದಾಜು ಅಚ್ಚಾಗಿ ಊರೆಲ್ಲ ಹೋದರೆ, ನಾಳೆಯಿಂದ ಪ್ರತಿ ಮನೆಯವರೂ ಈ ಪತ್ರ ತೋರಿಸಿ ಒಂಬೈನೂರಕ್ಕೇ ಬಾ ಅಂತಾರೆ. ದುಡಿಮೆನ ದಿನದಲ್ಲಿ ಬರಿ. ಬಣ್ಣನ ಲೀಟರಿನಲ್ಲಿ ಬರಿ. ಉಪ್ಪಿಟ್ಟಿಗಂತೂ ಬೆಲೆ ಕಟ್ಟಲೇಬೇಡ. ಹೆಚ್ಚಾಯ್ತು ಅಂತ ಊರವರು, ಕಮ್ಮಿ ಆಯ್ತು ಅಂತ ಹೋಟೆಲಿನವರು.”

ಹಾರ್ಡ್‌ವೇರ್ ಅಂಗಡಿಯ ರಿಯಾಯಿತಿಗೂ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಅದರಿಂದ ಇಳಿದದ್ದು ಖರ್ಚು. ಇತ್ತ ದಾನಕ್ಕೂ ಸೇರಿಸಿದರೆ ಒಂದನ್ನೇ ಎರಡು ಸಲ ಎಣಿಸಿದ ಹಾಗೆ. ಅದಕ್ಕೆ ಪತ್ರದಲ್ಲಿ ಒಂದು ವಾಕ್ಯ ಮೀಸಲಾಯಿತು.

ಉಳಿದದ್ದು ಯಾರು ಮೊದಲು ಎಂಬ ಪ್ರಶ್ನೆ. ಮೊತ್ತದ ಪ್ರಕಾರ ಹಾಕಿದರೆ ಪೇಂಟರ್ ಕೊನೆಗೆ ಬೀಳುತ್ತಾನೆ. ಹಿರಿತನದ ಪ್ರಕಾರ ಎಂದರೆ ಟೀಚರಮ್ಮನ ವಯಸ್ಸು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಮಾಮ ಕೊಟ್ಟ ದಿನಾಂಕದ ಕ್ರಮ ಹಿಡಿದರು. ದಿನಾಂಕದ ಜತೆ ಜಗಳಕ್ಕೆ ಬಂದವರನ್ನು ತಮ್ಮ ಸರ್ವೀಸಿನಲ್ಲಿ ನೋಡಿಲ್ಲವಂತೆ. ಕೊನೆಗೆ ಪಟ್ಟಿ ಹೀಗಾಯಿತು. ಹೆಸರಿದ್ದ ಕಡೆ ನಾನು ಕಸುಬನ್ನು ಹಾಕಿದ್ದೇನೆ:

| ಕ್ರ.ಸಂ. | ದಾನಿಗಳು | ವಿವರ | ಮೊತ್ತ (ರೂ.) |
|---|---|---|---|
| 1 | ಹಾರ್ಡ್‌ವೇರ್ ಅಂಗಡಿ | 20 ಲೀಟರಿನ 2 ಡಬ್ಬ ಬಣ್ಣ | — |
| 2 | ಹೆಸರು ಬಯಸದ ದಾನಿ | ನಗದು, ರಸೀದಿ ಸಂಖ್ಯೆ 14 | 5,001 |
| 3 | ಹಳೆ ವಿದ್ಯಾರ್ಥಿ, ಪುಣೆ | ಬ್ಯಾಂಕ್ ಮೂಲಕ, ರಸೀದಿ ಸಂಖ್ಯೆ 15 | 10,001 |
| 4 | ಪೇಂಟರ್ | 2 ದಿನದ ದುಡಿಮೆ | — |
| 5 | ಹೋಟೆಲ್ | ಕೆಲಸಗಾರರಿಗೆ 4 ದಿನ ಚಹಾ, ಉಪ್ಪಿಟ್ಟು | — |
| | | ಹಣದ ಒಟ್ಟು | 15,002 |

“ಒಟ್ಟು” ಎಂದಷ್ಟೇ ಇದ್ದದ್ದನ್ನು “ಹಣದ ಒಟ್ಟು” ಎಂದು ತಿದ್ದಿದ್ದೂ ಮಾಮನೇ. ಇಲ್ಲವಾದರೆ ಬಣ್ಣ, ದುಡಿಮೆ, ಉಪ್ಪಿಟ್ಟು ಎಲ್ಲ ಸೇರಿ ಹದಿನೈದು ಸಾವಿರದ ಎರಡು ಎಂದಾಗುತ್ತದೆ. ಟೀಚರಮ್ಮ ಮಾತ್ರ ರಸೀದಿ ಸಂಖ್ಯೆ ನೋಡಿ ತಮ್ಮನ್ನು ತಾವು ಗುರುತಿಸಿಕೊಳ್ಳಬಹುದು. ಹೆಸರು ಕವರಿನ ಮೇಲೆ ಇದ್ದರೆ ಸಾಕು.

ಇಷ್ಟು ಸೂಕ್ಷ್ಮ ಬಲ್ಲ ಮನುಷ್ಯ ಪತ್ರದ ಒಕ್ಕಣೆಗೆ ಕೈ ಹಾಕಿದ್ದೇ ತಾಲ್ಲೂಕು ಕಚೇರಿ ಮೈಮೇಲೆ ಬಂತು. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಶಾಲಾ ಕಟ್ಟಡದ ದುರಸ್ತಿ ಸಂಬಂಧ ತಾವು ಪಾವತಿಸಿರುವ ಮೊಬಲಗು ಸ್ವೀಕೃತವಾಗಿದ್ದು” ಎಂದು ಗಟ್ಟಿಯಾಗಿ ಓದುತ್ತಿದ್ದಾಗ ಒಳಗಿನಿಂದ ಕಾಫಿ ತಂದ ಮಾಮಿ, “ಇದನ್ನ ಓದಿದವರು ದಂಡ ಕಟ್ಟೋಕೆ ಬರ್ತಾರೆ ಅಷ್ಟೆ” ಎಂದರು. “ದುಡ್ಡು ಏನಾಯ್ತು ಅಂತ ಹೇಳಿ ಅಂದ್ರೆ.”

ಮಾಮ ಮುನಿಸಿಕೊಂಡರೂ ಪೆನ್ನು ತೆಗೆದರು. “ತಾವೆಲ್ಲ ಕೈ ಜೋಡಿಸಿದ್ದರಿಂದ ಶಾಲೆಯ 6 ಕೊಠಡಿಗಳಿಗೆ ಬಣ್ಣವಾಗಿದೆ. ಸೋರುತ್ತಿದ್ದ ಎರಡು ಕೊಠಡಿಗಳ ಹೆಂಚು ಬದಲಾಗಿದೆ. ಉಳಿದ ಸಾಮಾನನ್ನು ಹಾರ್ಡ್‌ವೇರ್ ಅಂಗಡಿಯವರು ಕಡಿಮೆ ದರಕ್ಕೆ ಒದಗಿಸಿದ್ದಾರೆ. ಖರ್ಚು 14,380 ರೂ. ಉಳಿದ 622 ರೂ. ಸಂಘದ ಖಾತೆಯಲ್ಲಿದೆ. ಎಲ್ಲರಿಗೂ ಸಂಘದ ಹೃತ್ಪೂರ್ವಕ ಕೃತಜ್ಞತೆಗಳು.” ಇಷ್ಟು ಸಲೀಸಾಗಿ ಮುಗಿಸಿದ್ದಕ್ಕೆ ತಮಗೇ ನಾಚಿಕೆಯಾಗಿ, ಮೇಲೆ “ವಿಷಯ” ಮತ್ತು “ಉಲ್ಲೇಖ” ಮಾತ್ರ ಉಳಿಸಿಕೊಂಡರು. ಮಾಮಿ ಅದನ್ನು ಕಂಡೂ ಕಾಣದಂತೆ ಬಿಟ್ಟರು.

ಪತ್ರಗಳು ಹೊರಟವು. ಒಂದು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೂ ಏರಿತು. ಮೂರನೆಯ ದಿನ ಮೆಂಬರ್ರು 3,001 ರೂಪಾಯಿ ಹಿಡಿದು ಮಾಮನ ಜಗಲಿಗೆ ಬಂದರು. ಪಟ್ಟಿ ತಿದ್ದಬೇಕು, ತಮ್ಮ ಹೆಸರು ಮೊದಲಿರಬೇಕು ಎಂದರು.

“ರವಾನೆಯಾದ ಪತ್ರ ತಿದ್ದುವಂತಿಲ್ಲ ಸ್ವಾಮಿ” ಎಂದರು ಮಾಮ, ರಸೀದಿ ಹರಿದು ಕೊಡುತ್ತಾ. “ತಮಗೆ ಪ್ರತ್ಯೇಕ ಪತ್ರ, ಪ್ರತ್ಯೇಕ ಪಟ್ಟಿ ಕಳಿಸ್ತೀವಿ. ಅದರಲ್ಲಿ ತಾವೇ ಮೊದಲು.”

ಮೆಂಬರ್ರು ಸಂತೋಷದಿಂದ ಕಾಫಿ ಕುಡಿದು ಹೋದರು. ಆ ಪಟ್ಟಿಯಲ್ಲಿ ಇದ್ದದ್ದೇ ಒಂದು ಸಾಲು.