ಐದು ಪಾಯಿಂಟ್ ಏಳು ಒಂಬತ್ತು

ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತನಾದವನಿಗೆ ಪಿಂಚಣಿಯ ಜೊತೆಗೆ ಇನ್ನೊಂದು ಗಂಟುಬೀಳುತ್ತದೆ. ಬಡಾವಣೆಯವರಿಗೆಲ್ಲ ಅರ್ಜಿ ಬರೆದುಕೊಡುವ ಕೆಲಸ. ನೀರಿನ ಬಿಲ್ಲು, ಬೀದಿ ದೀಪ, ಕಂಪೌಂಡಿನಾಚೆ ಬೆಳೆದ ಹಲಸಿನ ಕೊಂಬೆ, ಎಲ್ಲದಕ್ಕೂ ನನ್ನ ಹತ್ತಿರ ಒಂದೊಂದು ಒಕ್ಕಣೆ ಇದೆ. ಇವೆಲ್ಲ ಸುಲಭ. ಎದುರು ಪಕ್ಷದವರು ನಮ್ಮ ಮುಖ ನೋಡಿರುವುದಿಲ್ಲ. ಕಷ್ಟವಾದದ್ದು, ದಿನವೂ ಬೆಳಿಗ್ಗೆ ಯಾರಿಗೆ ನಮಸ್ಕಾರ ಹೇಳಬೇಕೋ ಅವರೇ ಕೊಟ್ಟ ಅಂಕ ತಪ್ಪು ಎಂದು ಬರೆಯುವ ಅರ್ಜಿ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ತೊಂದರೆಯೇ ಇರಲಿಲ್ಲ. ಆಗ ಸಿ.ಆರ್. ಎಂಬ ಗೋಪ್ಯ ವರದಿ ಇತ್ತು. ಸಾಹೇಬರು ಅದರಲ್ಲಿ ಏನು ಬರೆದರೆಂಬುದು ಅವರಿಗೂ ಕಬ್ಬಿಣದ ಬೀರುವಿಗೂ ಬಿಟ್ಟರೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ತೀರಾ ಕೆಟ್ಟದಾಗಿ ಬರೆದಿದ್ದರೆ ಮಾತ್ರ ಒಂದು ಲಕೋಟೆ ಬರುತ್ತಿತ್ತು. ಬರದಿದ್ದರೆ ನಾವು ಒಳ್ಳೆಯವರೆಂದು ತಿಳಿದು ಸುಖವಾಗಿರುತ್ತಿದ್ದೆವು. ಗಡಿ ರಸ್ತೆ ಇಲಾಖೆಯ ಎಂಜಿನಿಯರ್ ದೇವ್ ದತ್ ಎಂಬವರೂ ಹಾಗೆಯೇ ಸುಖವಾಗಿದ್ದರು. 1993-94ರ ಸಾಲಿಗೆ ಅವರಿಗೆ ‘ಗುಡ್’ ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು ‘ವೆರಿ ಗುಡ್’. ಗುಡ್ ಎಂಬುದು ಕೆಟ್ಟ ಷರಾ ಅಲ್ಲವಲ್ಲ ಎಂದು ಯಾರೂ ಅವರಿಗೆ ತಿಳಿಸಲಿಲ್ಲ. ಆ ಒಂದು ವರ್ಷದ ಒಳ್ಳೆಯತನಕ್ಕೆ ಬಡ್ತಿ ತಪ್ಪಿತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಯಾವ ಷರಾ ಆದರೂ ನೌಕರನಿಗೆ ತಿಳಿಸಲೇಬೇಕು, ಅದರ ಮೇಲೆ ಮನವಿ ಸಲ್ಲಿಸಲು ಅವಕಾಶ ಕೊಡಬೇಕು ಎಂದು ಕೋರ್ಟು 2008ರಲ್ಲಿ ಹೇಳುವ ಹೊತ್ತಿಗೆ ದೇವ್ ದತ್ ನಿವೃತ್ತರಾಗಿದ್ದರು. ಮರುವರ್ಷ ಮೇ ತಿಂಗಳಲ್ಲಿ ಸುತ್ತೋಲೆ ಬಂತು. ಗೋಪ್ಯ ವರದಿ ಹೋಗಿ ಎ.ಪಿ.ಎ.ಆರ್. ಆಯಿತು. ಪೂರ್ತಿ ವರದಿಯನ್ನು ನೌಕರನ ಕೈಗೆ ಕೊಡಬೇಕು, ಅವನು 15 ದಿನದೊಳಗೆ ಮನವಿ ಸಲ್ಲಿಸಬಹುದು, ಸಲ್ಲಿಸದಿದ್ದರೆ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು. ಸಕ್ಷಮ ಪ್ರಾಧಿಕಾರ 30 ದಿನದಲ್ಲಿ ತೀರ್ಮಾನಿಸಬೇಕು.

ಹಿಂದಿನ ಬೀದಿಯ ಹುಡುಗಿ ನನ್ನ ಮನೆಗೆ ಬಂದಾಗ ಆ 15ರಲ್ಲಿ ಅರ್ಧ ಮುಗಿದಿತ್ತು. ಹುಡುಗಿ ಎಂದೆ, ಆಕೆಗೆ ಶಾಲೆಗೆ ಹೋಗುವ ಮಗನಿದ್ದಾನೆ. ಕೆಲಸಕ್ಕೆ ಸೇರಿ ಹತ್ತು ವರ್ಷ ತುಂಬುವುದರಲ್ಲಿತ್ತು. ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೆ ಬಡ್ತಿ ಇಲ್ಲದಿದ್ದರೂ ಸಂಬಳದ ಒಂದು ಮೆಟ್ಟಿಲು ಏರಿಸುತ್ತಾರಲ್ಲ, ಎಂ.ಎ.ಸಿ.ಪಿ., ಅದಕ್ಕೂ ಈಗ ‘ವೆರಿ ಗುಡ್’ ಬೇಕು. ವೆರಿ ಗುಡ್ ಶುರುವಾಗುವುದು 6ರಿಂದ. ಆಕೆಗೆ ಬಂದಿದ್ದದ್ದು 5.79.

“ಸಾರ್, ಇದು ಬೇಕು ಅಂತಲೇ ಮಾಡಿದ್ದು,” ಎಂದು ನಾಲ್ಕು ಪುಟದ ಕರಡನ್ನು ಮುಂದಿಟ್ಟಳು. ಓದಿದೆ. ಸಾಹೇಬರು ಯಾರ ಜೊತೆ ಕಾಫಿಗೆ ಹೋಗುತ್ತಾರೆ, ಯಾರ ರಜೆಯನ್ನು ಕೇಳದೆ ಮಂಜೂರು ಮಾಡುತ್ತಾರೆ ಎಂಬುದೆಲ್ಲ ಇತ್ತು. ಕಾಫಿಯ ಭಾಗವಂತೂ ಬಹಳ ಸೊಗಸಾಗಿತ್ತು. ಆದರೆ ಮನವಿ ವರದಿಯಲ್ಲಿರುವ ವಾಸ್ತವಾಂಶಗಳಿಗೆ ಸೀಮಿತವಾಗಿರಬೇಕೆಂದು ಆ ಸುತ್ತೋಲೆಯೇ ಹೇಳುತ್ತದೆ. ಕಾಫಿ ವರದಿಯಲ್ಲಿರಲಿಲ್ಲ.

“ಇದನ್ನ ಜೋಪಾನವಾಗಿ ಇಟ್ಕೋಮ್ಮ, ನಿವೃತ್ತಿ ಆದಮೇಲೆ ಕಾದಂಬರಿ ಬರೀಬಹುದು. ಈಗ ಅಂಕ ತೋರಿಸು.”

ವರದಿಯಲ್ಲಿ ಅಂಕಗಳಿಗೆ ಮೂರು ಭಾಗ. ಕೆಲಸದ ಪ್ರಮಾಣ ಮತ್ತು ಗುಣಕ್ಕೆ ನೂರಕ್ಕೆ 40, ವೈಯಕ್ತಿಕ ಗುಣಗಳಿಗೆ 30, ನಿಯಮಜ್ಞಾನ ಮುಂತಾದ ಸಾಮರ್ಥ್ಯಕ್ಕೆ 30. ಆಕೆಯ ನಮೂನೆಯಲ್ಲಿ ಮೊದಲ ಭಾಗಕ್ಕೆ ನಾಲ್ಕು ಬಾಬುಗಳು. ವಹಿಸಿದ ಕೆಲಸ ಮುಗಿಸಿದ್ದಕ್ಕೆ 5, ಗುಣಮಟ್ಟಕ್ಕೆ 6, ವಿಶ್ಲೇಷಣೆಗೆ 5, ಅನಿರೀಕ್ಷಿತವಾಗಿ ಬಿದ್ದ ವಿಶೇಷ ಕೆಲಸಕ್ಕೆ 5. ಸರಾಸರಿ 5.25. ವೈಯಕ್ತಿಕ ಗುಣದಲ್ಲಿ ಒಂಬತ್ತು ಬಾಬು, ಸರಾಸರಿ 6.3. ಸಾಮರ್ಥ್ಯದಲ್ಲಿ 6. ಪಾಲುಪಾಲಾಗಿ ಕೂಡಿದರೆ 2.10, 1.89, 1.80. ಕೂಡುವುದರಲ್ಲಿ ಸಾಹೇಬರು ತಪ್ಪಿರಲಿಲ್ಲ.

ಐದರ ಬಗ್ಗೆ ಒಂದು ಮಾತು ಹೇಳಬೇಕು. ನೂರಾರು ವರದಿ ಕಣ್ಣಲ್ಲಿ ಹಾಯ್ದುಹೋದ ಅನುಭವದಿಂದ ಹೇಳುತ್ತಿದ್ದೇನೆ. 9, 10 ಕೊಟ್ಟರೆ ಅದಕ್ಕೆ ನಿರ್ದಿಷ್ಟ ಸಾಧನೆ ಬರೆದು ಸಮರ್ಥಿಸಬೇಕು. 1, 2 ಕೊಟ್ಟರೆ ನಿರ್ದಿಷ್ಟ ವೈಫಲ್ಯ ಬರೆಯಬೇಕು. 5ಕ್ಕೆ ಏನೂ ಬರೆಯಬೇಕಾಗಿಲ್ಲ. ಉಪ್ಪಿಟ್ಟು ಹೇಗಿದೆ ಎಂದು ಹೆಂಡತಿ ಕೇಳಿದಾಗ ಪತ್ರಿಕೆಯಿಂದ ತಲೆಯೆತ್ತದೆ ‘ಪರವಾಗಿಲ್ಲ’ ಎನ್ನುತ್ತೇವಲ್ಲ, ಅದು ಐದು. ದ್ವೇಷಕ್ಕಿಂತ ಆಲಸ್ಯದಿಂದಲೇ ಹೆಚ್ಚು ಐದುಗಳು ಬೀಳುತ್ತವೆ ಎಂದು ನನ್ನ ನಂಬಿಕೆ. ಆಕೆ ಒಪ್ಪಲಿಲ್ಲ.

ಆಕೆಗೆ ಉರಿದದ್ದು ಮಾತ್ರ ಐದಲ್ಲ, ಒಂದು ನಾಲ್ಕು. ವೈಯಕ್ತಿಕ ಗುಣಗಳಲ್ಲಿ ‘ಕಾಲಮಿತಿಯಲ್ಲಿ ಕೆಲಸ ಮಾಡುವ ಸಾಮರ್ಥ್ಯ’ಕ್ಕೆ ಸಾಹೇಬರು 4 ಕೊಟ್ಟಿದ್ದರು. “ಇದನ್ನ ಬಿಡೋದೇ ಇಲ್ಲ ಸಾರ್,” ಎಂದಳು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಒಂಬತ್ತರಲ್ಲಿ ಒಂದಾದ ಈ ಬಾಬು ನಾಲ್ಕರಿಂದ ಏಳಕ್ಕೆ ಏರಿದರೂ ಒಟ್ಟಿನಲ್ಲಿ ಹೆಚ್ಚುವುದು 0.1. ಅದೇ ಮೊದಲ ಭಾಗದಲ್ಲಿ ಒಂದೇ ಒಂದು ಅಂಕ ಏರಿದರೆ ಹೆಚ್ಚುವುದೂ 0.1. ಬೇಕಾಗಿರುವುದು 0.21. ಅಂದರೆ ಕೆಲಸದ ಭಾಗದಲ್ಲಿ ಮೂರು ಅಂಕ ಸಿಕ್ಕರೆ ದಡ ಸೇರಬಹುದು. ನಾಲ್ಕರ ಹಿಂದೆ ಬಿದ್ದರೆ ಗೆದ್ದರೂ 5.89ರಲ್ಲಿ ನಿಲ್ಲುತ್ತಾಳೆ. ಮೇಲಾಗಿ ಆ ವರ್ಷ ಮಾಹಿತಿ ಹಕ್ಕಿನ ಎರಡು ಅರ್ಜಿಗಳಿಗೆ ಆಕೆಯ ಸೀಟಿನಿಂದ ಹೋಗಬೇಕಿದ್ದ ಮಾಹಿತಿ 30 ದಿನದ ಗಡುವು ದಾಟಿ ಹೋಗಿತ್ತು. ಅದನ್ನು ಕೆಣಕಿದರೆ ಮೊದಲು ಹೊರಬರುವ ಕಾಗದ ಅದೇ. ಸ್ವಾಭಿಮಾನ ಎಲ್ಲಿ ನೋಯುತ್ತದೋ ಅಲ್ಲಿ ಅಂಕ ಇರುವುದಿಲ್ಲ ಎಂಬುದನ್ನು ಒಪ್ಪಿಸಲು ಎರಡು ಲೋಟ ಮಜ್ಜಿಗೆ ಬೇಕಾಯಿತು.

ಆಮೇಲೆ ಕಾಗದಗಳ ಕಡೆ ಬಂದೆವು. ವರ್ಷಾರಂಭದಲ್ಲಿ ಆಕೆಯ ಸೀಟಿನಲ್ಲಿ ಬಾಕಿ ಇದ್ದದ್ದು 310 ಪ್ರಕರಣ, ಹೆಚ್ಚಿನವು ವೇತನ ನಿಗದಿ ಮತ್ತು ಪಿಂಚಣಿ ಪರಿಷ್ಕರಣೆಯವು. ಬಂದದ್ದು 1240, ವಿಲೇವಾರಿಯಾದದ್ದು 1385, ಉಳಿದದ್ದು 165. ಬಾಕಿ ಅರ್ಧಕ್ಕಿಳಿದಿದೆ. ಇಂಥವಳಿಗೆ ಐದೇಕೆ? ಮಾರ್ಚ್ ತಿಂಗಳ ತಃಖ್ತೆ ನೋಡಿದಾಗ ಗುಟ್ಟು ಗೊತ್ತಾಯಿತು. ಅದರಲ್ಲಿ ಆಕೆಯ ಹೆಸರಿನ ಮುಂದೆ ಬಾಕಿ 405 ಎಂದಿತ್ತು. ಆಗಸ್ಟಿನಲ್ಲಿ ಪಕ್ಕದ ಸೀಟಿನವರು ವರ್ಗವಾಗಿ ಹೋದಾಗ ಆ ಸೀಟಿನ ಹೆಚ್ಚುವರಿ ಪ್ರಭಾರ ಆಕೆಯ ತಲೆಗೆ ಬಂದಿತ್ತು. ಬರುವಾಗಲೇ 390 ಬಾಕಿ ಹೊತ್ತು ಬಂದ ಸೀಟು. ಆಕೆ ಅದನ್ನು 240ಕ್ಕೆ ಇಳಿಸಿದ್ದಳು. ತಃಖ್ತೆ ತಯಾರಿಸುವವರು 165ಕ್ಕೆ 240 ಕೂಡಿ ಒಂದೇ ಸಾಲಿನಲ್ಲಿ ಬರೆದರು. ಸಾಹೇಬರು ವರ್ಷದ ಮೊದಲ ಹಾಳೆಯಲ್ಲಿ 310, ಕೊನೆಯ ಹಾಳೆಯಲ್ಲಿ 405 ನೋಡಿದರು. ಹೆಚ್ಚು ಹೊತ್ತದ್ದಕ್ಕೇ ಅಂಕ ಕಡಿಮೆಯಾಗಿತ್ತು.

ಮನವಿಗೆ ಮೂರು ಅಡಕಗಳು ಸಾಕಾದವು. ಪ್ರಭಾರ ವಹಿಸಿದ ಆದೇಶ, ಆ ದಿನ ಸಹಿ ಮಾಡಿದ ಹಸ್ತಾಂತರ ಪಟ್ಟಿ, ಇ-ಆಫೀಸಿನಿಂದ ತೆಗೆದ ಸೀಟುವಾರು ಬಾಕಿ ವಿವರ. ನಾಲ್ಕನೆಯ ಸಾಕ್ಷ್ಯ ವರದಿಯೊಳಗೇ ಇತ್ತು. ವ್ಯಕ್ತಿಚಿತ್ರದ ಅಂಕಣದಲ್ಲಿ ಸಾಹೇಬರೇ, ಈಕೆ ಹೆಚ್ಚುವರಿ ಸೀಟನ್ನೂ ತೃಪ್ತಿಕರವಾಗಿ ನಿಭಾಯಿಸಿದ್ದಾರೆ ಎಂದು ಬರೆದು, ಎರಡು ಪುಟ ಹಿಂದೆ ವಿಶೇಷ ಕೆಲಸಕ್ಕೆ 5 ಕೊಟ್ಟಿದ್ದರು. ಬರೆದ ಮಾತಿಗೂ ಕೊಟ್ಟ ಅಂಕಕ್ಕೂ ಮುಖಾಮುಖಿ ಮಾಡಿಸಿದರೆ ಬೇರೆ ವಾದ ಬೇಡ. ನಾಲ್ಕು ಪುಟ ಒಂದೂವರೆ ಪುಟಕ್ಕೆ ಬಂತು. ಗುಣಮಟ್ಟ, ವಿಶ್ಲೇಷಣೆ ಎರಡರ ತಂಟೆಗೆ ಹೋಗಲಿಲ್ಲ, ಅವುಗಳಿಗೆ ತೋರಿಸಲು ಕಾಗದವಿರಲಿಲ್ಲ. ವಹಿಸಿದ ಕೆಲಸಕ್ಕೆ 7, ವಿಶೇಷ ಕೆಲಸಕ್ಕೆ 7 ಎಂದು ಸ್ಪಷ್ಟವಾಗಿ ಕೇಳಿದೆವು. ‘ಸೂಕ್ತವಾಗಿ ಪರಿಷ್ಕರಿಸಬೇಕಾಗಿ ವಿನಂತಿ’ ಎಂದು ಬಿಟ್ಟರೆ 5.79ನ್ನು 5.89 ಮಾಡಿ ಕೈ ತೊಳೆದುಕೊಂಡಾರು.

“ಕೊಡೋದಕ್ಕೆ ಮುಂಚೆ ಸಾಹೇಬರನ್ನ ಒಂದ್ಸಲ ನೋಡಮ್ಮ,” ಎಂದೆ.

“ಅವರನ್ನ ಯಾಕೆ? ಅವರ ಮೇಲೇ ಅಲ್ವಾ ದೂರು?”

ಇದು ದೂರಲ್ಲ ಎಂಬುದೇ ನಾನು ಹೇಳಬೇಕಾದ ಮುಖ್ಯ ವಿಷಯವಾಗಿತ್ತು. ವರದಿ ಪರಿಶೀಲನಾಧಿಕಾರಿಯ ಕೈದಾಟಿ ನೌಕರನಿಗೆ ಬಂದಮೇಲೆ ಬರೆದವರು ತಾವೇ ತಿದ್ದುವಂತಿಲ್ಲ. ಆದರೆ ಸಕ್ಷಮ ಪ್ರಾಧಿಕಾರ ತೀರ್ಮಾನಿಸುವ ಮೊದಲು ಬೇಕೆಂದರೆ ಬರೆದವರ ಅಭಿಪ್ರಾಯ ಕೇಳುತ್ತದೆ. ಆಗ ಅವರು ಬರೆಯುವ ಎರಡು ಸಾಲಿನಲ್ಲೇ ಮನವಿಯ ಹಣೆಬರಹ. ಅವರನ್ನು ತಪ್ಪಿತಸ್ಥರನ್ನಾಗಿ ನಿಲ್ಲಿಸಿದರೆ ‘ನನ್ನ ಮೌಲ್ಯಮಾಪನಕ್ಕೆ ಬದ್ಧನಾಗಿದ್ದೇನೆ’ ಎಂದು ಬರೆಯುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆ. ತಪ್ಪನ್ನು ತಃಖ್ತೆಯ ಮೇಲೆ ಹಾಕಿದರೆ ಅವರಿಗೂ ಹೊರಬರಲು ಬಾಗಿಲು ಸಿಗುತ್ತದೆ. ತಃಖ್ತೆಗೆ ಮಾನಾಪಮಾನ ಇಲ್ಲ.

ಒಂದೇ ಹಾಳೆ ಹಿಡಿದು ಮಧ್ಯಾಹ್ನದ ಊಟದ ನಂತರ ಹೋದಳು. ಹಾಳೆಯಲ್ಲಿ ಎರಡು ಸೀಟಿಗೆ ಎರಡು ಸಾಲು, ಅಷ್ಟೇ. ಸಾಹೇಬರು ಮೊದಲಿಗೆ, “ಗುಡ್ ಅಂತ ಕೊಟ್ಟಿದೀನಲ್ರೀ, ಇನ್ನೇನ್ ಬೇಕು?” ಎಂದರಂತೆ. ಎಂ.ಎ.ಸಿ.ಪಿ.ಯ ವಿಷಯ ಅವರ ತಲೆಯಲ್ಲೇ ಇರಲಿಲ್ಲ. ಆಮೇಲೆ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, “ಈ 405 ಎರಡೂ ಸೀಟಿಂದಾ?” ಎಂದು ಕೇಳಿದರು. ಗುಮಾಸ್ತನನ್ನು ಕರೆಸಿದರು. ಅವನು ಬೆಪ್ಪಾಗಿ ನಿಂತ. “ನೀವು ಬರವಣಿಗೆಯಲ್ಲಿ ಕೊಡಿ, ನನ್ನ ಕೇಳಿದ್ರೆ ಇರೋದನ್ನ ಬರೀತೀನಿ,” ಎಂದರು. ಬರೆದದ್ದೂ ಅದನ್ನೇ: ಮೌಲ್ಯಮಾಪನದ ವೇಳೆ ತಮ್ಮ ಮುಂದಿದ್ದ ತಃಖ್ತೆ ಎರಡು ಸೀಟುಗಳನ್ನು ಬೇರ್ಪಡಿಸಿರಲಿಲ್ಲ, ಮನವಿದಾರರು ಕೊಟ್ಟ ಅಂಕಿಅಂಶ ದಾಖಲೆಗೆ ಸರಿಹೊಂದುತ್ತದೆ.

ಅಲ್ಲೂ ಸಿಗದಿದ್ದರೆ ನ್ಯಾಯಮಂಡಳಿ ಇದೆಯಲ್ಲ ಎಂದು ಆಕೆ ನಡುವೆ ಧೈರ್ಯ ತಂದುಕೊಳ್ಳುತ್ತಿದ್ದಳು. ಇದೆ. ಆದರೆ ಅಲ್ಲಿಯವರು ಸಾಮಾನ್ಯವಾಗಿ ತಾವೇ ಅಂಕ ಹಾಕಿಕೊಡುವುದಿಲ್ಲ. ಮನವಿಯನ್ನು ಕಾರಣ ಕೊಡದೆ ತಳ್ಳಿಹಾಕಿದ್ದರೆ ಮತ್ತೆ ನೋಡಿ ಎಂದು ಅದೇ ಕಚೇರಿಗೆ ಕಳುಹಿಸುತ್ತಾರೆ. ವಕೀಲರ ಫೀಜು ಕೊಟ್ಟು ಸುತ್ತಿಬಂದು ಅದೇ ಮೇಜಿನ ಮುಂದೆ ನಿಲ್ಲಬೇಕು.

ಆದೇಶ ಗಡುವು ಮೀರಿ, ದಸರಾ ಕಳೆದಮೇಲೆ ಬಂತು. ವಹಿಸಿದ ಕೆಲಸಕ್ಕೆ 5 ಇದ್ದದ್ದು 7. ವಿಶೇಷ ಕೆಲಸಕ್ಕೆ ಕೇಳಿದ್ದು 7, ಕೊಟ್ಟದ್ದು 6. ಒಟ್ಟು 6.09. ಉಳಿದದ್ದೆಲ್ಲ ಇದ್ದಂತೆಯೇ, ಆ ನಾಲ್ಕೂ ಸೇರಿ. ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದವಳು ಕೂತ ತಕ್ಷಣ, “ವಿಶೇಷ ಕೆಲಸಕ್ಕೆ ಆರೇ ಯಾಕೆ ಸಾರ್ ಕೊಟ್ರು?” ಎಂದು ಶುರುಮಾಡಿದಳು. ಇನ್ನೊಂದು ಮನವಿಗೆ ಅವಕಾಶವಿದೆಯೇ ಎಂದೂ ವಿಚಾರಿಸಿದಳು. ನಾನು ಮೈಸೂರು ಪಾಕಿನ ವಿಷಯ ಎತ್ತಿದೆ.

ಈಗ ಆ ಕಚೇರಿಯ ಮಾಸಿಕ ತಃಖ್ತೆಯಲ್ಲಿ ‘ಹೆಚ್ಚುವರಿ ಪ್ರಭಾರದ ಬಾಕಿ’ ಎಂದು ಹೊಸದೊಂದು ಕಾಲಂ ಬಂದಿದೆಯಂತೆ. ಪ್ರತಿ ತಿಂಗಳು ಎಲ್ಲ ಸೀಟುಗಳಿಂದ ವಿವರ ತರಿಸಿ ಅದನ್ನು ತುಂಬುವ ಕೆಲಸವನ್ನು, ಇಷ್ಟು ಚೆನ್ನಾಗಿ ಲೆಕ್ಕ ಇಡುವವರು ಇನ್ನಾರಿದ್ದಾರೆ ಎಂದು, ಸಾಹೇಬರು ಆಕೆಗೇ ವಹಿಸಿದ್ದಾರೆ. ಆದೇಶದ ಪ್ರತಿಯನ್ನು ತೆಗೆದಿಟ್ಟುಕೊಂಡಿದ್ದಾಳೆ.